ರೋಗಿಯ ಹಾಸಿಗೆಯ ಬಳಿ ಹತ್ತು ನಿಮಿಷ

(ರೋಗಿಗಳ ಸಂದರ್ಶನಕ್ಕಾಗಿ ದಾವಣಗೆರೆಯ ಆಸ್ಪತ್ರೆಗಳಿಗೆ ಹೊರಟಿದ್ದ ಹರಿಹರದ ಸಹೋದರ ಸಹೋದರಿಯರ ಮುಂದೆ ಮಾಡಿದ ಪ್ರವಚನದ ಬರಹ ರೂಪ)



ಇನ್ನರ್ಧ ಗಂಟೆಯಲ್ಲಿ ನೀವು ಬಸ್ಸು ಹತ್ತಲಿದ್ದೀರಿ. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್ ದಾರಿ. ತುಂಗಭದ್ರೆಯ ಈ ದಡದ ನಮಗೆ ಅದು ದೂರವೇನಲ್ಲ. ಆದರೆ ಚಿಗಟೇರಿ ಜಿಲ್ಲಾಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ಜಗಳೂರಿನಿಂದ, ಹರಪನಹಳ್ಳಿಯಿಂದ, ಹೊನ್ನಾಳಿಯಿಂದ, ರಾಣೆಬೆನ್ನೂರಿನಿಂದ ಬಂದು ಮಲಗಿದವರಿಗೆ ತಮ್ಮ ಊರು ಬಹಳ ದೂರ. ದಿನಗಟ್ಟಲೆ ಅವರ ಬಳಿಗೆ ಪರಿಚಿತ ಮುಖವೊಂದೂ ಬಂದಿರುವುದಿಲ್ಲ. ನೀವು ಹೋಗಿ ಸಲಾಮ್ ಹೇಳಿದರೆ, ಮೊದಲು ಅವರು ನಿಮ್ಮನ್ನು ಯಾರೆಂದು ತಿಳಿಯದೆ ನೋಡುತ್ತಾರೆ, ಅನಂತರ ಎದ್ದು ಕೂರಲು ಯತ್ನಿಸುತ್ತಾರೆ. ಅವರನ್ನು ಏಳಗೊಡಬೇಡಿ. ನೀವು ಮಾಡಬೇಕಾದ ಮೊದಲ ಕೆಲಸ ಅದುವೇ.

ಪ್ರಳಯದ ದಿನ ಅಲ್ಲಾಹನು ಮನುಷ್ಯನನ್ನು, ನಾನು ರೋಗಿಯಾಗಿದ್ದಾಗ ನೀನೇಕೆ ಬರಲಿಲ್ಲವೆಂದು ವಿಚಾರಿಸುವನೆಂಬ ಹದೀಸನ್ನು ನೀವೆಲ್ಲ ಕೇಳಿದ್ದೀರಿ. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಈ ಹದೀಸ್ ಸಂದರ್ಶನದ ಮಹತ್ವವನ್ನು ತಿಳಿಸುತ್ತದೆ. ಹೇಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಏನು ಮಾತಾಡಬೇಕು ಎಂಬುದನ್ನು ತಿಳಿಯಬೇಕಾದರೆ ಪ್ರವಾದಿವರ್ಯರು(ಸ) ಸ್ವತಃ ರೋಗಿಗಳ ಬಳಿಗೆ ಹೋದ ಸಂದರ್ಭಗಳನ್ನು ನೋಡಬೇಕು. ನಾನಿಂದು ಅವುಗಳಲ್ಲಿ ಕೆಲವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಒಬ್ಬ ಗ್ರಾಮೀಣ ಅರಬನಿಗೆ ಜ್ವರ ಬಂದಿತ್ತು. ಪ್ರವಾದಿ(ಸ) ಅವನನ್ನು ನೋಡಲು ಹೋದರು. ರೋಗಿಗಳಿಗೆ ಅವರು ಹೇಳುತ್ತಿದ್ದ ಮಾತು ಒಂದಿತ್ತು: ತೊಂದರೆಯಿಲ್ಲ, ಅಲ್ಲಾಹನಿಚ್ಛಿಸಿದರೆ ಇದು ಪಾಪಗಳನ್ನು ತೊಳೆಯುವ ಕಾಯಿಲೆ ಎಂಬ ಅರ್ಥದ ಮಾತು. ಅದನ್ನೇ ಅವನಿಗೂ ಹೇಳಿದರು. ಆ ಮುದುಕನಿಗೆ ಅದು ಹಿಡಿಸಲಿಲ್ಲ. ತೊಳೆಯುವುದೂ ಇಲ್ಲ ಏನೂ ಇಲ್ಲ, ವಯಸ್ಸಾದವನ ಮೈಯಲ್ಲಿ ಕುದಿಯುತ್ತಿರುವ ಈ ಜ್ವರ ಗೋರಿಗೇ ಕೊಂಡೊಯ್ಯುವುದೆಂಬಂತೆ ಉತ್ತರಿಸಿದ. ಹಾಗಾದರೆ ಹಾಗೆಯೇ ಆಗಲಿ ಎಂದಷ್ಟೇ ಪ್ರವಾದಿ(ಸ) ಹೇಳಿದರು. ಇದು ಬುಖಾರಿಯಲ್ಲಿದೆ. ಈ ವರದಿಯನ್ನು ಮುದುಕನ ನಿರಾಶೆಗೆ ಎಚ್ಚರಿಕೆಯೆಂದು ವಿವರಿಸುವವರಿದ್ದಾರೆ. ಅದು ಸರಿಯೇ. ಆದರೆ ಸಂದರ್ಶಕನಾಗಿ ಹೋಗುವ ನನಗೆ ಕಾಣುವುದು ಇನ್ನೊಂದು ಅಂಶ. ಪ್ರವಾದಿ(ಸ) ಅವನೊಡನೆ ವಾದಕ್ಕಿಳಿಯಲಿಲ್ಲ. ಸಾಂತ್ವನದ ಮಾತನ್ನು ಒಮ್ಮೆ ಹೇಳಿದರು, ಅವನು ತೆಗೆದುಕೊಳ್ಳಲಿಲ್ಲ, ಅಲ್ಲಿಗೇ ಬಿಟ್ಟರು.

ನಾವು ಬಿಡುವುದಿಲ್ಲ. ನೋವಿನಿಂದ ನರಳುವವನು ಒಂದು ಕಹಿ ಮಾತಾಡಿದರೆ ಸಾಕು, ಅವನ ಹಾಸಿಗೆಯ ಸುತ್ತ ನಿಂತು ಸಹನೆಯ ಕುರಿತು ಅರ್ಧ ಗಂಟೆ ಉಪದೇಶ ಮಾಡುತ್ತೇವೆ. ಅದಕ್ಕಿಂತ ಕೆಟ್ಟದ್ದು, ನೀವು ಮಾಡಿದ ಯಾವುದೋ ತಪ್ಪಿಗೆ ಈ ರೋಗ ಬಂದಿರಬೇಕೆಂದು ಸೂಚಿಸುವುದು. ರೋಗದಿಂದ ಪಾಪ ಅಳಿಯುತ್ತದೆ ಎನ್ನುವುದಕ್ಕೂ ಪಾಪದಿಂದ ಈ ರೋಗ ಬಂತು ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಪ್ರವಾದಿ(ಸ) ಕಲಿಸಿದ ಸಾಂತ್ವನ. ಎರಡನೆಯದನ್ನು ಹೇಳಲು ನಮಗೆ ಅಲ್ಲಾಹನ ಲೆಕ್ಕಪುಸ್ತಕವನ್ನು ಯಾರೂ ತೋರಿಸಿಲ್ಲ. ಪ್ರವಾದಿ ಅಯ್ಯೂಬ್(ಅ)ರೂ ರೋಗಿಯಾಗಿದ್ದರೆಂಬುದನ್ನು ಮರೆಯದಿರೋಣ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದನ್ನು ನಾನೇ ಕಂಡ ಒಬ್ಬ ರೋಗಿಯ ಮೂಲಕ ಹೇಳುತ್ತೇನೆ. ಅವರ ಹೆಸರು ಬೇಡ, ಚಾಚಾ ಎಂದರೆ ಸಾಕು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೀವು ಬಲ್ಲಿರಿ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಆ ಬೆಂಕಿಯ ಮುಂದೆ ಚಾಚಾ ನಲವತ್ತು ವರ್ಷ ದುಡಿದವರು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷಗಳಾಗಿದ್ದವು. ಆ ಕಾಯಿಲೆ ಹಳೆಯದಾದರೆ ಕಾಲಿನ ನರಗಳು ಜಡವಾಗುತ್ತವೆ, ಪಾದಕ್ಕೆ ಬಿಸಿಯೂ ತಿಳಿಯದು, ಮುಳ್ಳೂ ತಿಳಿಯದು. ನೆಲಕ್ಕೆ ಚೆಲ್ಲಿದ ಕಾದ ಮರಳಿನ ಮೇಲೆ ಅವರು ಕಾಲಿಟ್ಟರು. ಸುಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ. ಮೂರನೆಯ ದಿನ ವಾಸನೆ ಬಂದಾಗ ಮಗ ಕಂಡುಹಿಡಿದ. ಆಸ್ಪತ್ರೆಗೆ ಸೇರಿಸುವಾಗ ಕೀವು ತುಂಬಿತ್ತು.

ನಾವು ಹೋದಾಗ ಅವರು ಸೇರಿ ಆರು ದಿನಗಳಾಗಿದ್ದವು. ಬಲಗೈಗೆ ಡ್ರಿಪ್ಪಿನ ಸೂಜಿ, ಎಡಗಾಲಿಗೆ ದಪ್ಪ ಪಟ್ಟಿ, ಕಾಲು ಎರಡು ದಿಂಬುಗಳ ಮೇಲೆ, ಮೂತ್ರಕ್ಕೆ ನಳಿಕೆ. ತಲೆಯ ಬಳಿ ಯಾರೋ ನೆಂಟರು ತಂದ ಜಿಲೇಬಿಯ ಪೊಟ್ಟಣ! ಸಕ್ಕರೆ ಕಾಯಿಲೆಯವರಿಗೆ ಜಿಲೇಬಿ. ಅದೇ ನೆಂಟರು, ತಮ್ಮ ಭಾವನಿಗೂ ಹೀಗೆಯೇ ಆಗಿ ಮೊಣಕಾಲಿನವರೆಗೆ ಕತ್ತರಿಸಿದರೆಂದು ವಿವರವಾಗಿ ಹೇಳಿ ಹೋಗಿದ್ದರು. ಚಾಚಾ ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು. ನಾನು ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತೆ. ನಿಂತು ಮಾತಾಡಿದರೆ ಮಲಗಿದವನು ಕತ್ತೆತ್ತಬೇಕಾಗುತ್ತದೆ. ಹಾಸಿಗೆಯ ಮೇಲೆ ಕೂತರೆ ಅದು ಅಲುಗಾಡಿ ಗಾಯಕ್ಕೆ ನೋವಾಗುತ್ತದೆ. ಕೈ ತೊಳೆದು ಬಂದಿದ್ದೆ. ಅನುಮತಿ ಕೇಳಿ ಅವರ ಹಣೆಯ ಮೇಲೆ ಕೈಯಿಟ್ಟೆ. ವಿದಾಯ ಹಜ್ಜ್‌ನ ವರ್ಷ ಮಕ್ಕಾದಲ್ಲಿ ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಪ್ರವಾದಿ(ಸ) ಮಾಡಿದ್ದೂ ಅದನ್ನೇ.

ಸ್ವಲ್ಪ ಹೊತ್ತಿನ ಮೇಲೆ ಚಾಚಾ ಮೆಲ್ಲಗೆ ಹೇಳಿದರು: “ಬೇಟಾ, ಆರು ದಿನದಿಂದ ನಮಾಝ್ ಇಲ್ಲ. ಮೈಗೆ ಈ ನಳಿಕೆ ಹಾಕಿದ್ದಾರೆ, ಕಾಲಿನಿಂದ ಕೀವು ಸೋರುತ್ತಿದೆ. ನಾಪಾಕ್ ಆಗಿ ಬಿದ್ದಿದ್ದೇನೆ. ಹೀಗೆಯೇ ಹೋಗಿಬಿಟ್ಟರೆ?”

ಅವರ ಭಯ ಕಾಲಿನದ್ದಾಗಿರಲಿಲ್ಲ. ನಾವು ಯಾರೂ ಅದನ್ನು ಊಹಿಸಿರಲಿಲ್ಲ. ಅಂದಿನಿಂದ ನಾನು ಪ್ರತಿಯೊಂದು ವಾರ್ಡಿನಲ್ಲೂ ಇದೇ ಮಾತನ್ನು ಬೇರೆಬೇರೆ ಬಾಯಿಗಳಿಂದ ಕೇಳಿದ್ದೇನೆ. ಆದ್ದರಿಂದ ನೀವು ಇದನ್ನು ತಿಳಿದುಕೊಂಡು ಹೋಗಬೇಕು.

ಅಬೂದಾವೂದ್‌ನಲ್ಲಿ ಹಝ್ರತ್ ಜಾಬಿರ್(ರ) ವರದಿ ಮಾಡಿದ ಒಂದು ಘಟನೆಯಿದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಇರುವಾಗ ಅದಕ್ಕೆ ಅವಕಾಶವಿಲ್ಲವೆಂದು ಅವರು ಹೇಳಿಬಿಟ್ಟರು. ಆತ ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದಾಗ ಪ್ರವಾದಿ(ಸ) ಬಹಳ ನೊಂದರು. ಅವರೇ ಆತನನ್ನು ಕೊಂದರೆಂದರು. ತಿಳಿಯದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಕೇಳುವುದೇ ಔಷಧವೆಂಬ ಆಶಯದ ಮಾತು ಆಡಿದರು. ರೋಗಿಯ ಮೇಲೆ ಧರ್ಮವನ್ನು ಅಗತ್ಯಕ್ಕಿಂತ ಬಿಗಿ ಮಾಡಿದವರ ಕುರಿತು ಅಲ್ಲಾಹನ ಸಂದೇಶವಾಹಕರು ಬಳಸಿದ ಪದ ಎಷ್ಟು ಕಠಿಣವಾದುದೆಂದು ನೋಡಿರಿ.

ಹಝ್ರತ್ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಮೂಲವ್ಯಾಧಿ ಇತ್ತು. ಅವರಿಗೆ ಪ್ರವಾದಿ(ಸ) ಹೇಳಿಕೊಟ್ಟದ್ದು ಸರಳ: ನಿಂತು ನಮಾಝ್ ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿಯೇ. ವಿದ್ವಾಂಸರು ಹೇಳುವ ಉಳಿದ ವಿವರಗಳೆಲ್ಲ ಈ ಸರಳ ಮಾತಿನ ವಿಸ್ತರಣೆಯೇ.

ಚಾಚಾರ ವಿಷಯದಲ್ಲಿ ಅದನ್ನು ಹೇಗೆ ಅನ್ವಯಿಸಿದೆವೆಂದು ಹೇಳುತ್ತೇನೆ. ನಮ್ಮ ಭಾಗದ ಬಹುತೇಕರಂತೆ ಅವರೂ ಹನಫಿ. ಮೂತ್ರದ ನಳಿಕೆಯಿಂದ ಸದಾ ಹರಿಯುತ್ತಿರುವವರನ್ನು ಫಿಕ್‌ಹ್‌ನಲ್ಲಿ ಮಅಝೂರ್, ಅಂದರೆ ವಿನಾಯಿತಿ ಉಳ್ಳವರೆಂದು ಪರಿಗಣಿಸಲಾಗುತ್ತದೆ. ಪ್ರತಿಯೊಂದು ನಮಾಝ್‌ನ ವೇಳೆ ಆರಂಭವಾದ ಮೇಲೆ ಒಮ್ಮೆ ವುಝೂ ಮಾಡಿದರೆ ಆ ವೇಳೆ ಮುಗಿಯುವವರೆಗೆ ನಳಿಕೆಯ ಹರಿವಿನಿಂದ ಅದು ಮುರಿಯುವುದಿಲ್ಲ. ಮೂತ್ರದ ಚೀಲ ಹಾಸಿಗೆಗೆ ತೂಗುಬಿದ್ದಿದ್ದರೂ ನಮಾಝ್ ಆಗುತ್ತದೆ. ಬಟ್ಟೆ ಬದಲಿಸಲು ಸಾಧ್ಯವಿದ್ದರೆ ಬದಲಿಸಬೇಕು. ಬದಲಿಸಿದ ತಕ್ಷಣ ಮತ್ತೆ ಮಲಿನವಾಗುವುದಾದರೆ ಅಥವಾ ಬದಲಿಸುವುದೇ ರೋಗಿಗೆ ಯಾತನೆಯಾದರೆ ಇದ್ದುದರಲ್ಲಿಯೇ ಮಾಡಬಹುದು.

ವುಝೂಗೆ ನೀರು ಮುಟ್ಟಬಹುದೇ ಎಂದು ನರ್ಸ್ ಸಹೋದರಿಯನ್ನು ಕೇಳಿದೆವು. ಮುಖ, ಎಡಗೈ, ಬಲಗಾಲಿಗೆ ಅಡ್ಡಿಯಿಲ್ಲ, ಸೂಜಿ ಇರುವ ಕಡೆ ಮಾತ್ರ ನೆನೆಸಬೇಡಿ ಎಂದರು. ಅಲ್ಲಿ ಒದ್ದೆಯಾದರೆ ಅಂಟುಪಟ್ಟಿ ಸಡಿಲವಾಗುತ್ತದೆ, ಸೋಂಕೂ ತಗುಲಬಹುದು. ಹಾಗಾಗಿ ಮಗ ಒಂದು ಬೇಸಿನ್ ಹಿಡಿದ, ಮಗ್ಗಿನಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕಿದ. ಬಲಗೈಯಲ್ಲಿ ಸೂಜಿಯ ಜಾಗ ಬಿಟ್ಟು ಉಳಿದುದನ್ನು ತೊಳೆದ. ಕಾಲಿನ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕಾಗುತ್ತದೆ. ಆದರೆ ಅದನ್ನೂ ವೈದ್ಯರು ಬೇಡವೆಂದಿದ್ದರಿಂದ ಅದನ್ನೂ ಬಿಟ್ಟೆವು. ಹಾನಿಯಾಗುವ ಕಡೆ ಸವರುವಿಕೆಯೂ ಬಿದ್ದುಹೋಗುತ್ತದೆ.

ಫಜ್ರ್‌ನ ವೇಳೆ ಮಗ ಇರುವುದಿಲ್ಲ, ರಾತ್ರಿ ವಾರ್ಡಿನಲ್ಲಿ ಅವನನ್ನು ಉಳಿಯಗೊಡುತ್ತಿರಲಿಲ್ಲ. ಸಹಾಯಕರಿಲ್ಲದೆ ಸ್ವತಃ ವುಝೂ ಮಾಡಲಾಗದವನಿಗೆ ತಯಮ್ಮುಮ್‌ಗೆ ಅನುಮತಿಯಿದೆ. ಆದರೆ ಯಾವುದರ ಮೇಲೆ? ಆಸ್ಪತ್ರೆಯ ಗೋಡೆಗೆ ಎಣ್ಣೆ ಬಣ್ಣ ಬಳಿದಿರುತ್ತದೆ, ಅದರ ಮೇಲೆ ಧೂಳಿಲ್ಲದಿದ್ದರೆ ತಯಮ್ಮುಮ್ ಆಗದು. ಕೆಲವರು ಡಬ್ಬಿಯಲ್ಲಿ ಮಣ್ಣು ತರುತ್ತಾರೆ. ದಯವಿಟ್ಟು ತರಬೇಡಿರಿ. ತೆರೆದ ಗಾಯಗಳಿರುವ ವಾರ್ಡಿನಲ್ಲಿ ಮಣ್ಣು ಅಪಾಯ. ಹನಫಿ ವಿದ್ವಾಂಸರ ಪ್ರಕಾರ ಧೂಳಿಲ್ಲದ ಕಲ್ಲಿನ ಮೇಲೂ ತಯಮ್ಮುಮ್ ಸಿಂಧುವಾಗುತ್ತದೆ. ಆದ್ದರಿಂದ ಅಂಗೈಯಗಲದ ನುಣುಪು ಕಲ್ಲೊಂದನ್ನು ಸೋಪಿನಿಂದ ತೊಳೆದು, ಬಿಸಿಲಲ್ಲಿ ಒಣಗಿಸಿ, ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಕೊಟ್ಟೆವು. ತುಂಗಭದ್ರೆಯ ದಡದಲ್ಲಿ ಅಂಥ ಕಲ್ಲುಗಳಿಗೆ ಬರವಿಲ್ಲ. ಸಂಕಲ್ಪ ಮಾಡಿ ಒಮ್ಮೆ ಕಲ್ಲಿಗೆ ಕೈ ತಟ್ಟಿ ಮುಖ ಸವರಬೇಕು. ಇನ್ನೊಮ್ಮೆ ತಟ್ಟಿ ಮೊಣಕೈಗಳವರೆಗೆ ಎರಡೂ ಕೈಗಳನ್ನು ಸವರಬೇಕು. ಕರಾವಳಿಯಿಂದ ಬಂದ ಶಾಫಿಈ ಸಹೋದರರು ಇದ್ದರೆ ಕಲ್ಲು ಸಾಲದು, ಅವರ ಮಝ್‌ಹಬ್‌ನಲ್ಲಿ ಧೂಳಿರುವ ಮಣ್ಣು ಬೇಕು. ಅಂಥವರು ತಮ್ಮ ಉಸ್ತಾದರನ್ನು ಫೋನಿನಲ್ಲಿ ವಿಚಾರಿಸಲು ನೆರವಾಗಿರಿ. ನೀವೇ ಫತ್ವಾ ನೀಡಬೇಡಿರಿ.

ಕಿಬ್ಲಾ ನಮ್ಮೂರಿನಿಂದ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ತುಸು ಉತ್ತರಕ್ಕೆ. ಚಾಚಾರ ಮಂಚ ಪೂರ್ವಕ್ಕೆ ಮುಖವಾಗಿತ್ತು. ಡ್ರಿಪ್ಪು, ಕಾಲು, ಪಕ್ಕದ ಮಂಚ ಎಲ್ಲ ಸೇರಿ ಅದನ್ನು ತಿರುಗಿಸುವಂತಿರಲಿಲ್ಲ. ತಿರುಗಲಾಗದವನಿಗೆ ಸಾಧ್ಯವಿರುವ ದಿಕ್ಕೇ ಕಿಬ್ಲಾ. ಮಂಚದ ತಲೆಭಾಗವನ್ನು ಎತ್ತಿಸಿ ಒರಗಿ ಕೂರಿಸಿದೆವು. ರುಕೂಗೆ ತಲೆಯನ್ನು ಸ್ವಲ್ಪ ಬಾಗಿಸುವುದು, ಸುಜೂದ್‌ಗೆ ಅದಕ್ಕಿಂತ ಹೆಚ್ಚು. ಹಣೆಗೆ ತಾಗಿಸಲು ದಿಂಬನ್ನು ಮೇಲೆತ್ತಿ ಹಿಡಿಯುವ ಅಗತ್ಯವಿಲ್ಲ, ಅದು ಸರಿಯಾದ ಕ್ರಮವೂ ಅಲ್ಲ. ಆರು ದಿನಗಳ ನಮಾಝ್‌ಗಳನ್ನು ಚೇತರಿಸಿಕೊಂಡ ಮೇಲೆ ನಿಧಾನವಾಗಿ ತೀರಿಸಬಹುದೆಂದೂ ತಿಳಿಸಿದೆವು.

ಅಂದು ಅಸ್ರ್ ನಮಾಝನ್ನು ಅವರು ಹೀಗೆಯೇ ಮಾಡಿದರು. ನಾವು ಪಕ್ಕಕ್ಕೆ ಸರಿದು ನಿಂತೆವು. ಸಲಾಮ್ ಹೇಳಿ ಮುಗಿಸಿದ ಮೇಲೆ ಅವರು ಅತ್ತರು. ಮಸೀದಿಗೆ ಹೋಗಿ ಜಮಾಅತ್‌ನಲ್ಲಿ ನಿಲ್ಲುತ್ತಿದ್ದವನಿಗೆ ಈ ಗತಿ ಬಂತಲ್ಲ ಎಂಬ ಕೊರಗು ಉಳಿದಿತ್ತು. ಅದಕ್ಕೂ ಉತ್ತರವಿದೆ. ಮನುಷ್ಯನು ರೋಗಿಯಾದರೆ ಅಥವಾ ಪ್ರಯಾಣದಲ್ಲಿದ್ದರೆ, ಆರೋಗ್ಯವಾಗಿ ಊರಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳನ್ನೇ ಅವನ ಹೆಸರಿಗೆ ಬರೆಯಲಾಗುವುದೆಂದು ಹಝ್ರತ್ ಅಬೂ ಮೂಸಾ ಅಶ್‌ಅರೀ(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿದೆ. ಅಂದರೆ ಮಸೀದಿಯ ಸಾಲಿನಲ್ಲಿ ಚಾಚಾರ ಜಾಗ ಖಾಲಿಯಾಗಿ ಕಂಡರೂ ಬರೆಯುವ ಮಲಕ್‌ಗಳ ಬಳಿ ಖಾಲಿಯಿಲ್ಲ. ಇದನ್ನು ಕೇಳಿದಾಗ ಅವರು ಗೋಡೆಯಿಂದ ಮುಖ ತಿರುಗಿಸಿ ನಮ್ಮನ್ನು ನೋಡಿದರು. ನಾವು ಹೋಗಿ ಎಷ್ಟೋ ಹೊತ್ತಾಗಿತ್ತು, ಅವರು ನಮ್ಮನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಸಹೋದರಿಯರೇ, ಈಗ ನಿಮಗೊಂದು ಮಾತು. ಅತಾ ಬಿನ್ ಅಬೀ ರಬಾಹ್‌ರಿಗೆ ಹಝ್ರತ್ ಇಬ್ನು ಅಬ್ಬಾಸ್(ರ) ಒಬ್ಬ ಕಪ್ಪು ವರ್ಣದ ಮಹಿಳೆಯನ್ನು ತೋರಿಸಿ, ಆಕೆ ಸ್ವರ್ಗದವಳೆಂದರು. ಆಕೆಗೆ ಮೂರ್ಛೆರೋಗವಿತ್ತು. ಪ್ರವಾದಿ(ಸ)ರ ಬಳಿಗೆ ಬಂದು, ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ, ಪ್ರಾರ್ಥಿಸಿರಿ ಎಂದಿದ್ದಳು. ಸಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲು ಪ್ರಾರ್ಥಿಸುವೆನೆಂದು ಅವರು ಆಯ್ಕೆ ಕೊಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡಳು. ಆದರೆ ಬಟ್ಟೆ ಸರಿಯದಂತೆ ಮಾತ್ರ ಪ್ರಾರ್ಥಿಸಿರೆಂದಳು. ಅವರು ಪ್ರಾರ್ಥಿಸಿದರು.

ರೋಗವನ್ನು ಸಹಿಸುವೆ, ಬಟ್ಟೆ ಸರಿಯುವುದನ್ನು ಸಹಿಸಲಾರೆ ಎಂದ ಆ ಮಹಿಳೆ ಇಂದಿನ ಪ್ರತಿಯೊಂದು ಸಾಮಾನ್ಯ ವಾರ್ಡಿನಲ್ಲೂ ಮಲಗಿದ್ದಾಳೆ. ಶಸ್ತ್ರಚಿಕಿತ್ಸೆಯ ಗೌನು ಹಿಂದೆ ತೆರೆದಿರುತ್ತದೆ. ಅರಿವಳಿಕೆಯ ಮಂಪರಿನಲ್ಲಿ ಹೊದಿಕೆ ಜಾರುತ್ತದೆ. ಸಂದರ್ಶನದ ಸಮಯದಲ್ಲಿ ಎಲ್ಲರ ನೆಂಟರೂ ಒಳಗಿರುತ್ತಾರೆ. ನೀವು ಹೋಗುವಾಗ ಹಣ್ಣಿಗಿಂತ ಮೊದಲು ದೊಡ್ಡದೊಂದು ಹತ್ತಿಯ ದುಪಟ್ಟಾ ಮತ್ತು ಕೆಲವು ಪಿನ್ನುಗಳನ್ನು ಒಯ್ಯಿರಿ. ಹೊದಿಸುವಾಗ ಸೂಜಿ, ನಳಿಕೆಗಳ ಮೇಲೆ ಪಿನ್ನು ಬರದಂತೆ ನೋಡಿರಿ. ಪಟ್ಟಿ ಬದಲಿಸುವಾಗ ಅಡ್ಡತೆರೆ ಬೇಕೆಂದು ನರ್ಸ್ ಸಹೋದರಿಯನ್ನು ವಿನಯದಿಂದ ಕೇಳಿರಿ, ಇಲ್ಲವಾದರೆ ಇಬ್ಬರು ಚಾದರ ಹಿಡಿದು ನಿಲ್ಲಿರಿ. ಸಹೋದರರೇ, ನೀವು ಹೇಳಿಸಿಕೊಳ್ಳದೆಯೇ ಹೊರಗೆ ಹೋಗಿರಿ. ಮಹಿಳಾ ವಾರ್ಡಿನಲ್ಲಿ ನಿಮ್ಮ ದುಆ ಬಾಗಿಲಿನಿಂದಲೂ ತಲುಪುತ್ತದೆ.

ದುಆದ ಕುರಿತು ಸ್ವಲ್ಪ. ಮಹಾನನಾದ ಅಲ್ಲಾಹನಲ್ಲಿ, ಮಹಾ ಸಿಂಹಾಸನದ ಒಡೆಯನಲ್ಲಿ ನಿಮಗೆ ಗುಣವನ್ನು ಬೇಡುವೆನೆಂಬ ಅರ್ಥದ ಪ್ರಾರ್ಥನೆಯನ್ನು ರೋಗಿಯ ಬಳಿ ಏಳು ಸಲ ಹೇಳುವ ಕ್ರಮವನ್ನು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ರೋಗಿ ಸ್ವತಃ ನೋವಿರುವಲ್ಲಿ ಕೈಯಿಟ್ಟು ಬಿಸ್ಮಿಲ್ಲಾಹ್ ಮೂರು ಸಲ ಹೇಳಿ, ಏಳು ಸಲ ಅಲ್ಲಾಹನ ಅಭಯ ಬೇಡುವ ಕ್ರಮ ಹಝ್ರತ್ ಉಸ್ಮಾನ್ ಬಿನ್ ಅಬಿಲ್ ಆಸ್(ರ)ರಿಗೆ ಕಲಿಸಲ್ಪಟ್ಟದ್ದು. ಇದರಲ್ಲಿ ರೋಗಿಗೂ ಒಂದು ಪಾತ್ರವಿರುವುದರಿಂದ ನನಗೆ ಇದು ಹೆಚ್ಚು ಪ್ರಿಯ. ಶಸ್ತ್ರಚಿಕಿತ್ಸೆಯ ಗಾಯವಿದ್ದರೆ ಪಟ್ಟಿಯನ್ನು ಒತ್ತದೆ, ಅದರ ಪಕ್ಕದಲ್ಲಿ ಕೈಯಿಟ್ಟರೆ ಸಾಕು. ಎರಡನ್ನೂ ಮೆಲುದನಿಯಲ್ಲಿ ಹೇಳಿರಿ, ಪಕ್ಕದ ಮಂಚದವರು ನಿದ್ದೆಗೆ ಎಷ್ಟು ಹೊತ್ತು ಹೋರಾಡಿದ್ದಾರೋ ನಮಗೆ ತಿಳಿಯದು. ಇವು ಔಷಧಕ್ಕೆ ಬದಲಿಯಲ್ಲ. ದುಆ ಮಾಡಿದೆವಲ್ಲ, ಇನ್ನು ಇನ್ಸುಲಿನ್ ಬೇಡವೆಂದು ಯಾರಾದರೂ ಹೇಳಿದರೆ ಅದು ಆ ತಲೆಗಾಯದವನಿಗೆ ನೀಡಿದ ಸಲಹೆಯಂಥದ್ದೇ. ಒಂದು ಸಂದೇಹ ಹಲವರು ಕೇಳುತ್ತಾರೆ: ಬಾಗಿಲಲ್ಲಿ ಇಟ್ಟಿರುವ ಕೈಗೆ ಹಚ್ಚುವ ದ್ರವದಲ್ಲಿ ಆಲ್ಕೋಹಾಲ್ ಇದೆಯಲ್ಲ ಎಂದು. ಅದನ್ನು ಹೊರಮೈಗೆ ಬಳಸಲು ಹಲವು ವಿದ್ವಾಂಸರು ಅನುಮತಿಸಿದ್ದಾರೆ. ಮನಸ್ಸೊಪ್ಪದಿದ್ದರೆ ಸೋಪು ನೀರಿನಿಂದ ತೊಳೆಯಿರಿ. ಆದರೆ ತೊಳೆಯದೆ ಒಳಗೆ ಹೋಗಬೇಡಿರಿ. ಕೆಮ್ಮು ನೆಗಡಿ ಇರುವವರು ಇಂದು ಬಸ್ಸು ಹತ್ತುವುದೇ ಬೇಡ.

ಹತ್ತು ನಿಮಿಷ ಸಾಕು. ಒಂದು ಮಂಚಕ್ಕೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ರೋಗದ ಹೆಸರು, ವೈದ್ಯರು ಹೇಳಿದ ಅವಧಿ, ಖರ್ಚು, ಇವನ್ನು ಕೆದಕಬೇಡಿರಿ. ಹೊರಡುವಾಗ ಜೊತೆಗಿರುವವರನ್ನು ಹೊರಗೆ ಕರೆದು, ಊಟ ಮಾಡಿದಿರಾ ಎಂದು ಕೇಳಿರಿ. ಹೆಚ್ಚಿನವರು ಮಾಡಿರುವುದಿಲ್ಲ.

ಚಾಚಾರ ಪಕ್ಕದ ಮಂಚದಲ್ಲಿ ಜಗಳೂರು ಕಡೆಯ ಒಬ್ಬ ರೈತರಿದ್ದರು, ಮುಸ್ಲಿಮರಲ್ಲ. ಪ್ರವಾದಿ(ಸ) ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ಅವನ ಮನೆಗೇ ಹೋಗಿ ತಲೆಯ ಬಳಿ ಕುಳಿತಿದ್ದರು. ಹಾಗಿರುವಾಗ ಒಂದು ಮಂಚವನ್ನು ನೋಡಿ ಇನ್ನೊಂದನ್ನು ದಾಟಿ ಬರುವುದು ನಮಗೆ ಸಲ್ಲದು. ನಾವು ಅವರ ಬಳಿ ಹೋಗಿ, “ಯಜಮಾನ್ರೇ, ಹೇಗಿದ್ದೀರಿ?” ಎಂದೆವು. ಅವರು ಚಾಚಾರ ಕಡೆ ಕಣ್ಣು ಮಾಡಿ, “ಆರು ದಿನದಿಂದ ಈ ಸಾಹೇಬರು ಮಾತೇ ಆಡಿರಲಿಲ್ಲ ಸ್ವಾಮೀ” ಎಂದರು.

ಮುಂದಿನ ವಾರ ನಾವು ಹೋದಾಗ ಚಾಚಾರ ಎರಡು ಬೆರಳುಗಳನ್ನು ತೆಗೆದಿದ್ದರು, ಕಾಲು ಉಳಿದಿತ್ತು. ಮೂತ್ರದ ನಳಿಕೆಯನ್ನೂ ತೆಗೆದಿದ್ದರು. ಕಲ್ಲು ದಿಂಬಿನ ಪಕ್ಕದಲ್ಲಿ ಬಟ್ಟೆಯ ಒಳಗಿತ್ತು. ಬೆಳಗಿನ ಜಾವ ಅದು ಕೈಗೆಟುಕದೆ ಕೆಳಗೆ ಬಿದ್ದರೆ, ಸಲೈನ್ ಕಂಬ ಹಿಡಿದು ಮೆಲ್ಲನೆ ಎದ್ದು ಬಂದು ಅದನ್ನು ಎತ್ತಿ, ಒರೆಸಿ ಕೊಡುತ್ತಿದ್ದವರು ಆ ಜಗಳೂರಿನ ಯಜಮಾನರೇ ಎಂದು ಚಾಚಾ ಹೇಳಿದರು.

ಬಸ್ಸಿನ ಹೊತ್ತಾಯಿತು. ಕಲ್ಲುಗಳ ಚೀಲ ಬಾಗಿಲ ಬಳಿ ಇದೆ, ಎಲ್ಲವನ್ನೂ ನಿನ್ನೆ ತೊಳೆದು ಒಣಗಿಸಲಾಗಿದೆ. ದುಪಟ್ಟಾಗಳು ಸಹೋದರಿಯರ ಬಳಿ ಇವೆ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ, ಇಂದು ನೀವು ಕಾಣಲಿರುವ ಪ್ರತಿಯೊಬ್ಬರಿಗೂ ಶಿಫಾ ಕರುಣಿಸಲಿ. ಆಮೀನ್.